ರಿಫಂಡ್ ತೀರ್ಮಾನವಾಗಿದೆ, ಹಣ ಎಲ್ಲಿ ನಿಂತಿದೆ?

ಆದಾಯ ತೆರಿಗೆ ರಿಫಂಡ್ ‘ತೀರ್ಮಾನವಾಗಿದೆ’ ಎಂದು ಇಲಾಖೆಯ ಜಾಲತಾಣ ತೋರಿಸಿದರೆ ಲೆಕ್ಕದ ಕೆಲಸ ಮುಗಿದಿದೆ ಎಂದಷ್ಟೇ ತಿಳಿಯಬೇಕು. ಹಣದ ಪ್ರಯಾಣ ಆಗಿನ್ನೂ ಶುರುವಾಗಿರುತ್ತದೆ. ರಿಟರ್ನನ್ನು ಪರಿಶೀಲಿಸಿ ಇಷ್ಟು ಹಣ ವಾಪಸು ಕೊಡಬೇಕೆಂದು ಗೊತ್ತುಮಾಡುವುದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ, ಎಲ್ಲರ ಬಾಯಲ್ಲಿ ಸಿಪಿಸಿ. ಆ ಹಣವನ್ನು ಕಳಿಸುವ ಹೊಣೆ ರಿಫಂಡ್ ಬ್ಯಾಂಕರ್ ಆಗಿರುವ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ್ದು. ಅದನ್ನು ಖಾತೆಗೆ ಜಮಾ ಮಾಡಿಕೊಳ್ಳಬೇಕಾದದ್ದು ತೆರಿಗೆದಾರರ ಸ್ವಂತ ಬ್ಯಾಂಕು. ಹೀಗೆ ಮೂರು ಕೈ ದಾಟಿ ಬರಬೇಕಾದ ಹಣ ಯಾವ ಕೈಯಲ್ಲಿ ನಿಂತಿದೆ ಎಂಬುದನ್ನು ಮೊದಲು ಪತ್ತೆಮಾಡದೆ ದೂರು ಕೊಟ್ಟರೆ ತಿಂಗಳುಗಟ್ಟಲೆ ಓಡಾಡಿದರೂ ಕೆಲಸ ಆಗುವುದಿಲ್ಲ. ಬಹುಪಾಲು ಜನ ಎಡವುವುದು ಇಲ್ಲಿಯೇ: ಬ್ಯಾಂಕು ತಿರುಗಿಸಿದ ಹಣಕ್ಕಾಗಿ ತೆರಿಗೆ ಕಚೇರಿಯ ಬಾಗಿಲು ತಟ್ಟುತ್ತಾರೆ, ಹಳೆಯ ಬಾಕಿಗೆ ವಜಾ ಆದ ಹಣಕ್ಕಾಗಿ ಬ್ಯಾಂಕಿನವರ ಜೊತೆ ಜಗಳವಾಡುತ್ತಾರೆ.

ಒಂದು ಉದಾಹರಣೆ ಲೆಕ್ಕ ಹಾಕಿ ನೋಡಬಹುದು. ಮಧ್ಯ ರೈಲ್ವೆಯಲ್ಲಿ ದುಡಿದು ನಿವೃತ್ತರಾದ, ಮೂಲತಃ ಉಡುಪಿ ಕಡೆಯ ಒಬ್ಬ ಹಿರಿಯ ನಾಗರಿಕರು ನಾಶಿಕ್ ಜಿಲ್ಲೆಯ ಇಗತಪುರಿಯಲ್ಲೇ ಮನೆ ಮಾಡಿಕೊಂಡಿದ್ದಾರೆ ಎಂದುಕೊಳ್ಳೋಣ. ಅವರ ಪಿಂಚಣಿ ಇಗತಪುರಿಯ ಒಂದು ಬ್ಯಾಂಕ್ ಖಾತೆಗೆ ಬರುತ್ತದೆ. ನಿವೃತ್ತಿಯ ಹಣವನ್ನು ಮಾತ್ರ ಊರಿನ ಸಿಂಡಿಕೇಟ್ ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದಾರೆ. 2023–24ರಲ್ಲಿ ಅವರಿಗೆ ಬಂದ ಪಿಂಚಣಿ 4,20,000 ರೂಪಾಯಿ, ಠೇವಣಿಯ ಬಡ್ಡಿ 1,86,000 ರೂಪಾಯಿ. ಹಿರಿಯ ನಾಗರಿಕರ ಬಡ್ಡಿ ಆ ವರ್ಷ 50,000 ರೂಪಾಯಿ ದಾಟಿದರೆ ಬ್ಯಾಂಕು ಶೇ. 10ರಷ್ಟು ಟಿಡಿಎಸ್ ಹಿಡಿಯಬೇಕಿತ್ತು. ಹಾಗಾಗಿ 18,600 ರೂಪಾಯಿ ಹಿಡಿದು ಸರ್ಕಾರಕ್ಕೆ ಕಟ್ಟಿತು. ವರ್ಷದ ಆರಂಭದಲ್ಲೇ 15ಎಚ್ ನಮೂನೆ ಬರೆದುಕೊಟ್ಟಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ, ಆದರೆ ಊರಿನ ಶಾಖೆಗೆ ಹೋಗಿ ಅದನ್ನು ಕೊಡುವವರು ಯಾರು?

ಹೊಸ ತೆರಿಗೆ ಪದ್ಧತಿಯಲ್ಲಿ ಪಿಂಚಣಿಗೆ ಸಿಗುವ 50,000 ರೂಪಾಯಿಯ ಪ್ರಮಾಣಿತ ಕಡಿತ ಕಳೆದರೆ ಅವರ ಒಟ್ಟು ಆದಾಯ 5,56,000 ರೂಪಾಯಿ. ಏಳು ಲಕ್ಷದೊಳಗಿನ ಆದಾಯಕ್ಕೆ 87ಎ ರಿಯಾಯಿತಿ ಇದ್ದುದರಿಂದ ತೆರಿಗೆ ಸೊನ್ನೆ. ಹಿಡಿದ 18,600 ಪೂರ್ತಿ ವಾಪಸು ಬರಬೇಕು. 2024ರ ಜುಲೈ 20ರಂದು ರಿಟರ್ನ್ ಸಲ್ಲಿಸಿ ಅಂದೇ ಆಧಾರ್ ಓಟಿಪಿಯಿಂದ ದೃಢೀಕರಿಸಿದ್ದಾರೆ. ಆಗಸ್ಟ್ 12ರಂದು ಸಿಪಿಸಿಯಿಂದ 143(1)ನೇ ಕಲಮಿನ ತಿಳಿವಳಿಕೆ ಪತ್ರ ಇಮೇಲಿಗೆ ಬಂದಿದೆ.

ಈ ಪತ್ರವನ್ನು ತೆರೆದು ಓದುವವರು ಕಡಿಮೆ. ಕೊನೆಯ ಮೊತ್ತ ನೋಡಿ ಮುಚ್ಚಿಬಿಡುತ್ತಾರೆ. ಅದರಲ್ಲಿ ಎರಡು ಕಾಲಂ ಇರುತ್ತವೆ: ತೆರಿಗೆದಾರರು ಕೊಟ್ಟ ಲೆಕ್ಕ ಒಂದು, ಸಿಪಿಸಿ ಮಾಡಿದ ಲೆಕ್ಕ ಇನ್ನೊಂದು. ಎರಡೂ ತಾಳೆಯಾದರೆ ಮೊತ್ತದ ತಕರಾರು ಇಲ್ಲ. ಈ ಉದಾಹರಣೆಯಲ್ಲಿ 18,600 ರೂಪಾಯಿಗೆ 244ಎ ಕಲಮಿನ ಬಡ್ಡಿಯೂ ಸೇರುತ್ತದೆ. ಗಡುವಿನೊಳಗೆ ರಿಟರ್ನ್ ಸಲ್ಲಿಸಿದ್ದರೆ ಟಿಡಿಎಸ್ ರಿಫಂಡಿಗೆ ಏಪ್ರಿಲ್ 1ರಿಂದ ತಿಂಗಳಿಗೆ ಶೇ. ಅರ್ಧದಂತೆ ಬಡ್ಡಿ, ತಿಂಗಳ ಒಂದು ದಿನ ತಗುಲಿದರೂ ಪೂರ್ತಿ ತಿಂಗಳೆಂದೇ ಲೆಕ್ಕ. ಏಪ್ರಿಲಿನಿಂದ ಆಗಸ್ಟಿನವರೆಗೆ ಐದು ತಿಂಗಳಿಗೆ ಶೇ. 2.5, ಅಂದರೆ 465 ರೂಪಾಯಿ. ಒಟ್ಟು 19,065, ಹತ್ತರ ಗುಣಕಕ್ಕೆ ಸರಿಮಾಡಿದರೆ 19,070 ರೂಪಾಯಿ. ರಿಫಂಡಿನ ಮೊತ್ತ ನಿಗದಿಯಾದ ತೆರಿಗೆಯ ಶೇ. 10ಕ್ಕಿಂತ ಕಡಿಮೆಯಿದ್ದರೆ ಈ ಬಡ್ಡಿ ಇರುವುದಿಲ್ಲ. ಇನ್ನು ನೂರು ರೂಪಾಯಿಗಿಂತ ಕಡಿಮೆಯ ರಿಫಂಡನ್ನು ಇಲಾಖೆ ಕಳಿಸುವುದೇ ಇಲ್ಲ, ಅದಕ್ಕೆ ಕಾಯಬೇಕಾಗಿಲ್ಲ.

ಪತ್ರ ಬಂದು ಎಷ್ಟು ದಿನ ಕಾಯಬೇಕು? ರಿಟರ್ನನ್ನು ದೃಢೀಕರಿಸಿದ ಮೇಲೆ ಹಣ ಜಮಾ ಆಗಲು ಸಾಮಾನ್ಯವಾಗಿ ನಾಲ್ಕೈದು ವಾರ ಹಿಡಿಯುತ್ತದೆ ಎಂದು ಇಲಾಖೆಯೇ ಹೇಳುತ್ತದೆ. ಸೆಪ್ಟೆಂಬರ್ ಕಳೆದರೂ ಹಣ ಬರಲಿಲ್ಲವೆಂದರೆ ಹುಡುಕಲು ಹೊರಡುವುದು ಸರಿ. ಮೊದಲು ಹುಡುಕಬೇಕಾದದ್ದು ಪಾಸ್‌ಬುಕ್ಕಿನಲ್ಲಿ. ರಿಫಂಡ್ ಜಮಾ ಆದ ಸಾಲಿನಲ್ಲಿ ಸಾಮಾನ್ಯವಾಗಿ ITDTAX REFUND ಎಂಬ ಅಕ್ಷರಗಳೂ ಅಸೆಸ್‌ಮೆಂಟ್ ವರ್ಷವೂ ಇರುತ್ತವೆ. ಎಸ್‌ಎಂಎಸ್ ಬರುವ ಖಾತೆಯೊಂದನ್ನೇ ನೋಡಿ ಬಂದಿಲ್ಲ ಎಂದು ತೀರ್ಮಾನಿಸಬಾರದು. ರಿಟರ್ನ್ ತುಂಬುವಾಗ ರಿಫಂಡಿಗೆಂದು ಗುರುತುಹಾಕಿದ ಖಾತೆ ಯಾವುದು ಎಂದು ನೋಡಬೇಕು. ವರ್ಷಕ್ಕೊಮ್ಮೆ ಆಡಿಟರ್ ಕೈಯಲ್ಲಿ ತುಂಬಿಸುವವರ ಹಣ ಹಲವು ಸಲ ಅವರೇ ಮರೆತ ಖಾತೆಯಲ್ಲಿ ತಣ್ಣಗೆ ಕೂತಿರುತ್ತದೆ.

ಪಾಸ್‌ಬುಕ್ಕಿನಲ್ಲೂ ಇಲ್ಲವಾದರೆ ಜಾಲತಾಣದ ಸ್ಥಿತಿಯನ್ನು ಓದಬೇಕು. ಪ್ಯಾನ್ ಸಂಖ್ಯೆಯಿಂದ ಲಾಗಿನ್ ಆಗಿ e-File ಅಡಿಯಲ್ಲಿ ಸಲ್ಲಿಸಿದ ರಿಟರ್ನುಗಳ ಪಟ್ಟಿ ತೆರೆದು, ಆಯಾ ವರ್ಷದ ವಿವರಕ್ಕೆ ಹೋದರೆ ರಿಟರ್ನಿನ ಹಂತಗಳು ಒಂದರ ಕೆಳಗೊಂದು ಕಾಣುತ್ತವೆ. ರಿಫಂಡ್ ತೀರ್ಮಾನವಾಗಿ ಬ್ಯಾಂಕರಿಗೆ ಹೋಗಿದೆ ಎಂದಿದ್ದರೆ ಸಿಪಿಸಿಯ ಪಾಲಿನ ಕೆಲಸ ಆಗಿದೆ. Refund Failed ಎಂದಿದ್ದರೆ ಹಣ ತೆರಿಗೆದಾರರ ಬ್ಯಾಂಕಿನ ಬಾಗಿಲವರೆಗೆ ಹೋಗಿ ತಿರುಗಿ ಬಂದಿದೆ, ಅಥವಾ ಖಾತೆ ಸರಿಯಿಲ್ಲವೆಂದು ಹೊರಡದೆಯೇ ನಿಂತಿದೆ. ಬಾಕಿಗೆ ಹೊಂದಾಣಿಕೆ ಆಗಿದೆ ಎಂದಿದ್ದರೆ ಅದು ಬರುವುದೇ ಇಲ್ಲ. ಅದರ ದಾರಿಯೇ ಬೇರೆ. ರಿಟರ್ನ್ ಇನ್ನೂ ಸಂಸ್ಕರಣೆಯಲ್ಲೇ ಇದೆ ಎಂದಿದ್ದರೆ ರಿಫಂಡ್ ತೀರ್ಮಾನವೇ ಆಗಿಲ್ಲ. ಅದಕ್ಕೆ ಸಿಪಿಸಿಗೆ ಕಾನೂನು ಕೊಟ್ಟ ಅವಧಿ ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದ ಮೇಲೆ ಒಂಬತ್ತು ತಿಂಗಳು. ಇಗತಪುರಿಯ ಈ ರಿಟರ್ನಿನ ಮಟ್ಟಿಗೆ ಅದು 2025ರ ಡಿಸೆಂಬರ್ 31ರವರೆಗೆ ಇತ್ತು.

ಉದಾಹರಣೆಯ ಹಿರಿಯರಿಗೆ ಕಂಡದ್ದು Refund Failed. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಅದರ ಹಳೆಯ ಐಎಫ್‌ಎಸ್‌ಸಿಗಳು 2021ರ ಜುಲೈ 1ರಿಂದ ನಡೆಯುವುದು ನಿಂತವು. SYNB000 ಎಂದು ಶುರುವಾಗುತ್ತಿದ್ದ ಸಂಕೇತ CNRB001 ಎಂದಾಯಿತು, ಕೊನೆಯ ನಾಲ್ಕು ಅಂಕಿಗಳು ಮಾತ್ರ ಹಾಗೆಯೇ ಉಳಿದವು. ಕರಾವಳಿಯಲ್ಲಿ ಹುಟ್ಟಿ ದೇಶವೆಲ್ಲ ಶಾಖೆ ತೆರೆದ ಬ್ಯಾಂಕುಗಳ ಗ್ರಾಹಕರಿಗೆ ಈ ತೊಂದರೆ ಹೊಸದೇನಲ್ಲ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೂ ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿಗೂ ಸೇರಿದವು. ಶಾಖೆಗೆ ಹೋಗಿ ಹಣ ತೆಗೆಯುವವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ, ಏಕೆಂದರೆ ಖಾತೆ ನಡೆಯುತ್ತಲೇ ಇತ್ತು. ತೆರಿಗೆ ಜಾಲತಾಣದಲ್ಲಿ ಹಿಂದೆಂದೋ ತುಂಬಿದ್ದ ಸಂಕೇತ ಮಾತ್ರ ಹಳೆಯದೇ ಉಳಿದಿತ್ತು.

ಜಾಲತಾಣದಲ್ಲಿ ಪ್ರೊಫೈಲಿನೊಳಗೆ My Bank Account ಎಂಬ ಪುಟವಿದೆ. ಅಲ್ಲಿ ಪ್ರತಿ ಖಾತೆಯ ಮುಂದೆಯೂ ಅದು ಮೌಲ್ಯೀಕರಣ ಆಗಿದೆಯೋ ಇಲ್ಲವೋ ಎಂಬುದು ಕಾಣುತ್ತದೆ. ಮೌಲ್ಯೀಕರಣವಾದ ಖಾತೆಗಷ್ಟೇ ರಿಫಂಡ್ ಬರುವುದು. ಚೆಕ್ಕಿನಲ್ಲಿ ಹಣ ಕಳಿಸುವ ಕಾಲ 2019ಕ್ಕೇ ಮುಗಿಯಿತು. ಹಿರಿಯರ ಮಗಳು ಅಲ್ಲಿ ಹೊಸ ಐಎಫ್‌ಎಸ್‌ಸಿ ತುಂಬಿ ಮತ್ತೆ ಮೌಲ್ಯೀಕರಣಕ್ಕೆ ಕೊಟ್ಟಳೆನ್ನೋಣ. ಕೆಲವು ದಿನಗಳಲ್ಲಿ ಅದೂ ವಿಫಲವೆಂದು ಬಂತು. ಈ ಸಲ ಕಾರಣ ಹೆಸರು.

ಹೆಸರಿನ ಗೊಂದಲ ರಾಜ್ಯ ಬಿಟ್ಟು ನೆಲೆಸಿದ ಕನ್ನಡಿಗರಿಗೆ ಹೆಚ್ಚಾಗಿ ತಗುಲುವಂಥದ್ದು. ಊರಿನ ಬ್ಯಾಂಕಿನಲ್ಲಿ ಎಂಬತ್ತರ ದಶಕದಲ್ಲಿ ಖಾತೆ ತೆರೆದಾಗ ಊರಿನ ಹೆಸರು, ತಂದೆಯ ಹೆಸರು ಎರಡೂ ಒಂದೊಂದೇ ಅಕ್ಷರವಾಗಿ ಹೆಸರಿನ ಮುಂದೆ ನಿಂತಿದ್ದವು. ಮಹಾರಾಷ್ಟ್ರದಲ್ಲಿ ನೌಕರಿಗೆ ಸೇರಿದಾಗ ಅಲ್ಲಿನ ರೂಢಿಯಂತೆ ಸ್ವಂತ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂದು ಬರೆಸಿಕೊಂಡರು. ಪ್ಯಾನ್ ಕಾರ್ಡ್ ಈ ಎರಡನೆಯ ಕ್ರಮದಲ್ಲಿ ಬಂತು. ಬ್ಯಾಂಕಿನ ದಾಖಲೆಯಲ್ಲಿ ಮೊದಲನೆಯದೇ ಇದೆ. ಶಾಖೆಯ ಮ್ಯಾನೇಜರಿಗೆ ಇಬ್ಬರೂ ಒಬ್ಬರೇ ಎಂದು ಗೊತ್ತು. ಹೆಸರನ್ನು ಪ್ಯಾನಿನ ಹೆಸರಿನೊಂದಿಗೆ ತಾಳೆ ನೋಡುವ ಯಂತ್ರಕ್ಕೆ ಅದು ಗೊತ್ತಿಲ್ಲ. ಪ್ಯಾನ್ ಸಂಖ್ಯೆಯನ್ನೇ ಖಾತೆಗೆ ಜೋಡಿಸಿಲ್ಲದಿದ್ದರೂ ಹೀಗೆಯೇ ಆಗುತ್ತದೆ. ಆದರೆ ಇಲ್ಲಿ ಟಿಡಿಎಸ್ ಸರಿಯಾದ ಪ್ಯಾನಿಗೇ ಬಿದ್ದಿದೆ. ಆದ್ದರಿಂದ ಸಂಖ್ಯೆ ಬ್ಯಾಂಕಿನಲ್ಲಿ ಇದ್ದೇ ಇದೆ, ತಪ್ಪಿರುವುದು ಹೆಸರೇ ಎಂದು ಹೇಳಬಹುದು.

ಈಗ ಎರಡು ದಾರಿಗಳಿವೆ. ಪ್ಯಾನ್, ಆಧಾರ್ ಪ್ರತಿ ಹಿಡಿದು ಬ್ಯಾಂಕಿಗೆ ಹೋಗಿ ಕೆವೈಸಿ ಹೊಸದು ಮಾಡಿಸಿ ಹೆಸರು ತಿದ್ದಿಸುವುದು ಒಂದು. ಅದನ್ನು ಇಂದಲ್ಲ ನಾಳೆ ಮಾಡಿಸಲೇಬೇಕು, ಠೇವಣಿ ಅಲ್ಲಿಯೇ ಇದೆಯಲ್ಲ. ಆದರೆ ರಿಫಂಡಿಗಾಗಿ ಅಲ್ಲಿಯವರೆಗೆ ಕಾಯುವ ಅಗತ್ಯವಿಲ್ಲ. ರಿಟರ್ನಿನಲ್ಲಿ ಕೊಟ್ಟ ಖಾತೆಗೇ ಹಣ ಬರಬೇಕೆಂಬ ನಿಯಮವಿಲ್ಲ. ಒಮ್ಮೆ ವಿಫಲವಾದ ರಿಫಂಡನ್ನು ತೆರಿಗೆದಾರರ ಬೇರೆ ಯಾವುದೇ ಮೌಲ್ಯೀಕರಣವಾದ ಖಾತೆಗೆ ಕೇಳಬಹುದು. ಪಿಂಚಣಿ ಬರುವ ಖಾತೆಯೇ ಇದಕ್ಕೆ ಎಲ್ಲಕ್ಕಿಂತ ಸೂಕ್ತ. ವರ್ಷವರ್ಷ ಜೀವನ ಪ್ರಮಾಣಪತ್ರ ಕೊಡುವ ಖಾತೆಯದು. ಹೆಸರು, ಪ್ಯಾನ್ ಮತ್ತು ಮೊಬೈಲ್ ಸಂಖ್ಯೆ ಎಲ್ಲವೂ ಅಲ್ಲಿ ಸರಿಯಾಗಿರುವ ಸಾಧ್ಯತೆಯೇ ಹೆಚ್ಚು. ಉಳಿತಾಯ ಅಥವಾ ಚಾಲ್ತಿ ಖಾತೆಯಾದರೆ ಆಗುತ್ತದೆ. ಸಾಲದ ಖಾತೆ, ಪಿಪಿಎಫ್ ಖಾತೆಗಳಿಗೆ ರಿಫಂಡ್ ಬರುವುದಿಲ್ಲ. ಮಗಳ ಖಾತೆ ಕೊಡುವಂತೆಯೂ ಇಲ್ಲ, ಪ್ಯಾನ್ ಬೇರೆಯದಾಗುತ್ತದೆ.

ಇಗತಪುರಿಯ ಖಾತೆಯನ್ನು ಸೇರಿಸಿ, ಮೌಲ್ಯೀಕರಣವಾದ ಮೇಲೆ ಅದನ್ನು ರಿಫಂಡಿಗೆ ಗುರುತುಹಾಕಬೇಕು. ಇಷ್ಟಕ್ಕೇ ಹಣ ತಾನಾಗಿ ಹೊರಡುತ್ತದೆ ಎಂದು ಕಾಯುತ್ತ ಕೂರುವವರು ಬಹಳ. ಖಾತೆ ಸರಿಪಡಿಸುವುದು ಒಂದು ಕೆಲಸ, ಹಣವನ್ನು ಮತ್ತೆ ಕಳಿಸಿ ಎಂದು ಕೇಳುವುದು ಇನ್ನೊಂದು ಕೆಲಸ. ಎರಡನೆಯದನ್ನು Services ಅಡಿಯ Refund Reissue ಪುಟದಲ್ಲಿ ಮಾಡಬೇಕು. ಅಲ್ಲಿ ಹೊಸ ಕೋರಿಕೆ ತೆರೆದರೆ ವಿಫಲವಾದ ರಿಫಂಡಿನ ವರ್ಷ ಕಾಣುತ್ತದೆ. ಅದನ್ನು ಆರಿಸಿ, ಖಾತೆ ಆರಿಸಿ, ಆಧಾರ್ ಓಟಿಪಿಯಿಂದ ದೃಢೀಕರಿಸಿದರೆ ಕೋರಿಕೆ ಸಲ್ಲಿಕೆಯಾಗುತ್ತದೆ. ಕೊನೆಯಲ್ಲಿ ಬರುವ ವ್ಯವಹಾರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು, ಮುಂದಿನ ಎಲ್ಲ ದೂರಿಗೂ ಅದೇ ಆಧಾರ. ಆ ಪುಟದಲ್ಲಿ ವರ್ಷವೇ ಕಾಣದಿದ್ದರೆ ಗಾಬರಿ ಬೇಡ: ರಿಫಂಡ್ ಇನ್ನೂ ವಿಫಲವೆಂದು ದಾಖಲಾಗಿಲ್ಲ ಎಂದು ಅರ್ಥ. ಬ್ಯಾಂಕರಿಂದ ಸಿಪಿಸಿಗೆ ವರದಿ ಮರಳುವವರೆಗೆ ಮರುಪಾವತಿ ಕೇಳಲು ಆಗುವುದಿಲ್ಲ.

ಹೀಗೆ ಎಲ್ಲ ಸರಿಯಿದ್ದೂ ಹಣ ಬರದಿರಲು ಇನ್ನೊಂದು ಕಾರಣವಿದೆ: ಆಧಾರ್ ಜೋಡಿಸದ ಪ್ಯಾನ್. 2023ರ ಜುಲೈ 1ರಿಂದ ಅಂಥ ಪ್ಯಾನ್ ನಿಷ್ಕ್ರಿಯವಾಗಿದ್ದು, ಅದು ಸಕ್ರಿಯವಾಗುವವರೆಗೆ ರಿಫಂಡ್ ಕೊಡುವುದಿಲ್ಲ, ಆ ಅವಧಿಗೆ ಬಡ್ಡಿಯೂ ಇಲ್ಲ. ವಿದೇಶದಲ್ಲಿ ನೆಲೆಸಿದವರು, 80 ದಾಟಿದವರು ಮುಂತಾದ ಕೆಲವರಿಗೆ ವಿನಾಯಿತಿ ಇದೆ. ಉಳಿದವರು ಸಾವಿರ ರೂಪಾಯಿ ಶುಲ್ಕ ಕಟ್ಟಿ ಜೋಡಿಸಬೇಕು.

ಹೊಂದಾಣಿಕೆಯ ವಿಷಯ ಬೇರೆ ಎಂದು ಮೇಲೆ ಹೇಳಿದೆಯಷ್ಟೆ. ಹಳೆಯ ವರ್ಷದ ತೆರಿಗೆ ಬಾಕಿ ದಾಖಲೆಯಲ್ಲಿದ್ದರೆ ಇಲಾಖೆ 245ನೇ ಕಲಮಿನಡಿ ಅದನ್ನು ರಿಫಂಡಿನಲ್ಲಿ ವಜಾ ಮಾಡಬಹುದು. ಹಾಗೆ ಮಾಡುವ ಮುನ್ನ ತಿಳಿಸಬೇಕು. ಉತ್ತರಿಸಲು 21 ದಿನ ಕೊಡುತ್ತಾರೆ. ಆ ಇಮೇಲ್ ಆಡಿಟರ್ ವಿಳಾಸಕ್ಕೆ ಹೋಗಿ ಯಾರೂ ನೋಡದೆ ಅವಧಿ ಕಳೆದುಹೋಗುವುದು ದಿನನಿತ್ಯದ ಕಥೆ. ಬಾಕಿ ನಿಜವೋ ಸುಳ್ಳೋ ನೋಡಲು Pending Actions ಅಡಿಯಲ್ಲಿ Response to Outstanding Demand ಎಂಬ ಪುಟವಿದೆ. ಅಲ್ಲಿ ಒಪ್ಪುವುದಿಲ್ಲ ಎಂದು ದಾಖಲಿಸಿ, ಕಟ್ಟಿದ ಚಲನ್ ಅಥವಾ ಟಿಡಿಎಸ್ ವಿವರ ಲಗತ್ತಿಸಬಹುದು. ನೌಕರಿಯಲ್ಲಿದ್ದಾಗ ಕಚೇರಿಯವರು ಟಿಡಿಎಸ್ ಹಿಡಿದು ತಪ್ಪು ಪ್ಯಾನಿಗೆ ಕಟ್ಟಿದ್ದರಿಂದ ಎದ್ದು ನಿಂತ ಬಾಕಿಗಳು ಇಂಥವೇ. 2024ರ ಮಧ್ಯಂತರ ಬಜೆಟ್ಟಿನ ನಂತರ ಸಣ್ಣ ಹಳೆಯ ಬಾಕಿಗಳು ರದ್ದಾಗಿವೆ: 2010–11ರ ಅಸೆಸ್‌ಮೆಂಟ್ ವರ್ಷದವರೆಗಿನವು 25,000 ರೂಪಾಯಿವರೆಗೆ, 2011–12ರಿಂದ 2015–16ರವರೆಗಿನವು 10,000 ರೂಪಾಯಿವರೆಗೆ, ಒಬ್ಬರಿಗೆ ಒಟ್ಟು ಒಂದು ಲಕ್ಷದ ಮಿತಿಯಲ್ಲಿ. ರದ್ದಾದ ಬಾಕಿಗೆ ರಿಫಂಡ್ ವಜಾ ಆಗುತ್ತಿದ್ದರೆ ಇದನ್ನು ಎತ್ತಿ ಹೇಳಬೇಕು.

ನಾಶಿಕ್‌ನ ಆದಾಯ ತೆರಿಗೆ ಕಚೇರಿ ಕೆಲಸಕ್ಕೆ ಬರುವುದು ಈ ಬಾಕಿಯ ವಿಷಯದಲ್ಲಿ. ಬಾಕಿ ಯಾವ ಅಧಿಕಾರಿಯ ಹೆಸರಿನಲ್ಲಿದೆಯೋ ಅವರೇ ಅದನ್ನು ತಿದ್ದಬೇಕು. ಅವರು ತಿದ್ದದೆ ಸಿಪಿಸಿ ಏನೂ ಮಾಡಲಾರದು. ಬಾಕಿಯಿಲ್ಲದ ವಿಫಲ ರಿಫಂಡಿಗಾಗಿ ಇಗತಪುರಿಯಿಂದ ನಾಶಿಕ್‌ಗೆ ಹೋದರೆ ಬಸ್ಸಿನ ಖರ್ಚು ದಂಡ. ಬೆಂಗಳೂರಿಗೆ ಹೋಗುವುದಂತೂ ಬೇಡವೇ ಬೇಡ. ಸಿಪಿಸಿಯ ಸಹಾಯವಾಣಿ 1800 103 0025. ಜಾಲತಾಣದ Grievances ಅಡಿಯಲ್ಲೂ ಲಿಖಿತ ದೂರು ಕೊಡಬಹುದು. ಮರುಪಾವತಿಯ ಕೋರಿಕೆ ಅಂಗೀಕಾರವಾಗಿ ವಾರಗಳು ಕಳೆದ ಮೇಲೂ ಸುದ್ದಿಯಿಲ್ಲದಿದ್ದರೆ ದೂರು ಹಾಕುವುದು ಒಳ್ಳೆಯದು. ದೂರಿನಲ್ಲಿ ಕಷ್ಟ ತೋಡಿಕೊಳ್ಳುವುದಕ್ಕಿಂತ ಅಸೆಸ್‌ಮೆಂಟ್ ವರ್ಷ, 143(1) ಪತ್ರದ ದಿನಾಂಕ, ಮೊತ್ತ, ರಿಫಂಡ್ ವಿಫಲವಾದದ್ದು, ಹೊಸ ಖಾತೆ ಮೌಲ್ಯೀಕರಣವಾದದ್ದು, ಮರುಪಾವತಿ ಕೋರಿಕೆಯ ಸಂಖ್ಯೆ ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದರೆ ಉತ್ತರ ಬೇಗ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಕೇಂದ್ರ ಸರ್ಕಾರದ ಸಾರ್ವಜನಿಕ ದೂರು ವ್ಯವಸ್ಥೆ ಸಿಪಿಗ್ರಾಮ್ಸ್ ಇದೆ.

ರಿಫಂಡ್ ಜಮಾ ಆಗಿದೆ ಎಂದು ಜಾಲತಾಣ ಹೇಳಿ, ಪಾಸ್‌ಬುಕ್ಕಿನಲ್ಲಿ ಇಲ್ಲವೆಂದರೆ ಮಾತ್ರ ವಿಷಯ ಬ್ಯಾಂಕುಗಳ ನಡುವಿನದು. ಆಗ ಜಮಾ ದಿನಾಂಕ ಮತ್ತು ಉಲ್ಲೇಖ ಸಂಖ್ಯೆಯನ್ನು ಹಿಡಿದು ಮೊದಲು ಸ್ವಂತ ಶಾಖೆಯಲ್ಲಿ, ನಂತರ ರಿಫಂಡ್ ಬ್ಯಾಂಕರ್ ಆದ ಸ್ಟೇಟ್ ಬ್ಯಾಂಕಿನಲ್ಲಿ ವಿಚಾರಿಸಬೇಕು. ಈ ಹೊತ್ತಿನಲ್ಲೇ ಫೋನಿಗೆ ‘ನಿಮ್ಮ ರಿಫಂಡ್ ಮಂಜೂರಾಗಿದೆ, ಖಾತೆ ದೃಢಪಡಿಸಿ’ ಎಂದು ಕೊಂಡಿ ಸಹಿತ ಸಂದೇಶ ಬಂದರೆ ಅದು ಮೋಸ. ಇಲಾಖೆ ಖಾತೆಯ ಪಿನ್, ಓಟಿಪಿ, ಕಾರ್ಡ್ ಸಂಖ್ಯೆ ಯಾವುದನ್ನೂ ಸಂದೇಶದಲ್ಲಿ ಕೇಳುವುದಿಲ್ಲ. ಹಣಕ್ಕಾಗಿ ಕಾಯುತ್ತಿರುವವರೇ ಇಂಥ ಬಲೆಗೆ ಬೀಳುವುದು.

ತಡವಾದ ದಿನಗಳಿಗೆ ಹೆಚ್ಚಿನ ಬಡ್ಡಿ ಸಿಗುತ್ತದೆಯೇ ಎಂಬುದು ಎಲ್ಲರ ಪ್ರಶ್ನೆ. ವಿಳಂಬಕ್ಕೆ ತೆರಿಗೆದಾರರೇ ಕಾರಣವಾಗಿದ್ದರೆ ಆ ಅವಧಿಯನ್ನು ಬಡ್ಡಿಯ ಲೆಕ್ಕದಿಂದ ಬಿಡಲು ಕಾನೂನಿನಲ್ಲೇ ಅವಕಾಶವಿದೆ. ತಪ್ಪು ಐಎಫ್‌ಎಸ್‌ಸಿ, ಹೊಂದದ ಹೆಸರು ಇವುಗಳಿಂದಾದ ತಡ ಇಲಾಖೆಯ ತಲೆಗೆ ಬರುವುದಿಲ್ಲ. ಇಗತಪುರಿಯ ಹಿರಿಯರು 19,070 ರೂಪಾಯಿಯನ್ನೇ ನಿರೀಕ್ಷಿಸುವುದು ವಾಸಿ. ತಡ ಇಲಾಖೆಯ ಕಡೆಯದಾದರೆ ರಿಫಂಡ್ ಕೊಟ್ಟ ದಿನದವರೆಗೆ ಬಡ್ಡಿ ಕೇಳುವ ಹಕ್ಕಿದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದರೂ ಹಳೆಯ ಅಸೆಸ್‌ಮೆಂಟ್ ವರ್ಷಗಳ ರಿಫಂಡಿಗೆ 1961ರ ಕಾಯ್ದೆಯ ಕಲಮುಗಳೇ ಅನ್ವಯಿಸುತ್ತವೆ. ಇನ್ನು ಬಂದ ಹಣದಲ್ಲಿ 18,600 ಅವರದೇ ಹಣ, ಅದಕ್ಕೆ ತೆರಿಗೆಯಿಲ್ಲ. ಬಡ್ಡಿಯ ಭಾಗ ಮಾತ್ರ ಆದಾಯ. ಅದನ್ನು ಸಿಕ್ಕ ವರ್ಷದ ರಿಟರ್ನಿನಲ್ಲಿ ಇತರ ಮೂಲಗಳ ಆದಾಯವೆಂದು ತೋರಿಸಬೇಕು. ವಾರ್ಷಿಕ ಮಾಹಿತಿ ವಿವರಣೆಯಲ್ಲಿ ಅದು ಕಾಣುವುದರಿಂದ ಬಿಟ್ಟರೆ ಮುಂದಿನ ವರ್ಷದ ರಿಟರ್ನಿಗೆ ಅದೇ ತಕರಾರಾಗಿ ಬರುತ್ತದೆ.